ಥೀಸಿಸ್ ವಾಕ್ಯ ಬರೋಬರಿ ಐತೇನ್ರಿ? ಮೊದಲ ವರ್ಷದ ಪ್ರಬಂಧವನ್ನು ಪರೀಕ್ಷಿಸುವ ಕ್ರಮ

ಬಾಗಲಕೋಟೆಯಲ್ಲಿ ಡಿಗ್ರಿ ಮೊದಲ ವರ್ಷದವರು ಅಸೈನ್‌ಮೆಂಟ್ ಕೊಡುವ ವಾರ ಬಂತೆಂದರೆ ನನ್ನ ಹತ್ತಿರ ಬರುವ ಪ್ರಶ್ನೆ ಒಂದೇ. "ಸರ್, ನನ್ನ ಥೀಸಿಸ್ ಬರೋಬರಿ ಐತೇನ್ರಿ?" ಹೊಸದಾಗಿ ಪಾಠ ಶುರು ಮಾಡಿದ ಉಪನ್ಯಾಸಕರೂ ಕೇಳುತ್ತಾರೆ. ಐವತ್ತು ಪ್ರಬಂಧ ಮುಂದಿವೆ, ಯಾವುದಕ್ಕೆ ಏನೆಂದು ಟಿಪ್ಪಣಿ ಬರೆಯುವುದು ಅಂತ. ಪ್ರತಿ ಸಲ ನಿಂತಲ್ಲೇ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಪದದ ಅರ್ಥ. ಇಲ್ಲಿ ಥೀಸಿಸ್ ಎಂದರೆ ಪಿಎಚ್‌ಡಿಯವರು ಬರೆಯುವ ದಪ್ಪ ಪುಸ್ತಕ ಅಲ್ಲ. ಪ್ರಬಂಧ ಏನನ್ನು ಒಪ್ಪಿಸಲು ಹೊರಟಿದೆ ಎಂದು ಹೇಳುವ ಒಂದು ವಾಕ್ಯ, ಹೆಚ್ಚೆಂದರೆ ಎರಡು. ಇದನ್ನೇ ಥೀಸಿಸ್ ವಾಕ್ಯ ಎನ್ನುತ್ತೇನೆ. ಅದಕ್ಕೆ ಮೂರು ಪರೀಕ್ಷೆ. ಅದರ ಬಗ್ಗೆ ವಾದ ಮಾಡಲು ಬರುತ್ತದಾ? ಅದು ನಿರ್ದಿಷ್ಟವಾಗಿದೆಯಾ? ಒಳಗಿನ ಪ್ಯಾರಾಗಳು ಅದಕ್ಕೆ ಸಾಕ್ಷಿ ಹೇಳುತ್ತವಾ? ಮೊದಲ ಎರಡರಲ್ಲಿ ಪಾಸಾಗಿ ಮೂರನೆಯದರಲ್ಲಿ ಮಗುಚುವ ಪ್ರಬಂಧಗಳೇ ಜಾಸ್ತಿ. ಅದಕ್ಕೇ ಮೂರನೆಯದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೇಕಾದದ್ದು ಇಷ್ಟು: ಪ್ರಬಂಧದ ಪ್ರಿಂಟ್, ಎರಡು ಬಣ್ಣದ ಪೆನ್, ಒಂದು ಖಾಲಿ ಹಾಳೆ, ಮೇಷ್ಟ್ರು ಕೊಟ್ಟ ಪ್ರಶ್ನೆ. ಫೋನಿನ ಪರದೆಯ ಮೇಲೆ ಮಾಡಬೇಡಿ. ಮೇಲೆ ಕೆಳಗೆ ಸರಿಸುತ್ತಾ ಹೋದರೆ ಮೊದಲ ಪುಟದಲ್ಲಿ ಏನು ಹೇಳಿತ್ತು ಎಂಬುದು ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಸಾವಿರ ಪದದ ಪ್ರಬಂಧಕ್ಕೆ ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಬಹುದು.

ಉದಾಹರಣೆಗೆ ಇಳಕಲ್ ಸೀರೆ ಮೇಲಿನ ಒಂದು ಪ್ರಬಂಧವನ್ನು ತೆಗೆದುಕೊಳ್ಳೋಣ. ಇದು ಯಾರೋ ಒಬ್ಬರದ್ದಲ್ಲ. ನಾನು ಓದಿದ ಹಲವು ಪ್ರಬಂಧಗಳ ತಪ್ಪು-ಒಪ್ಪು ಕೂಡಿಸಿ ನಾನೇ ಕಟ್ಟಿದ್ದು. ಅದರಲ್ಲಿ ಬರುವ ಮನೆಗಳ ಲೆಕ್ಕವೂ ಅಭ್ಯಾಸಕ್ಕೆ ಇಟ್ಟದ್ದು ಅಷ್ಟೇ. ಪ್ರಶ್ನೆ: "ನಿಮ್ಮ ಜಿಲ್ಲೆಯ ಒಂದು ಕುಶಲಕಲೆ ಎದುರಿಸುತ್ತಿರುವ ಸಮಸ್ಯೆಯನ್ನು ಕುರಿತು ವಾದ ಮಂಡಿಸಿ."

1. ವಾಕ್ಯ ಎಲ್ಲಿದೆ, ಹುಡುಕಿ

ಪ್ರಬಂಧ ಒಂದು ಸಲ ಪೂರ್ತಿ ಓದಿ. ಆಮೇಲೆ "ಈ ಹುಡುಗಿ ನನ್ನನ್ನು ಇದಕ್ಕೇ ಒಪ್ಪಿಸಬೇಕು ಅಂತಿದಾಳೆ" ಎನಿಸುವ ವಾಕ್ಯಕ್ಕೆ ಅಡಿಗೆರೆ ಹಾಕಿ. ಸಾಮಾನ್ಯವಾಗಿ ಅದು ಮೊದಲ ಪ್ಯಾರಾದ ಕೊನೆಗಿರುತ್ತದೆ. ಅಲ್ಲಿ ಸಿಗದಿದ್ದರೆ ಕೊನೆಯ ಪ್ಯಾರಾ ನೋಡಿ. ಬರೆಯುತ್ತಾ ಬರೆಯುತ್ತಾ ತಲೆ ತಿಳಿಯಾಗಿ, ಹೇಳಬೇಕಾದ ಮಾತು ಕಟ್ಟಕಡೆಗೆ ಹೊಳೆದಿರುತ್ತದೆ. ಪ್ರಬಂಧದ ನಿಜವಾದ ಥೀಸಿಸ್ ಉಪಸಂಹಾರದಲ್ಲಿ ಅಡಗಿ ಕೂತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಮ್ಮ ಕಡೆ ಈ ವಾಕ್ಯವೇ ಇರದ ಪ್ರಬಂಧಗಳೂ ಬರುತ್ತವೆ, ಅದಕ್ಕೆ ಕಾರಣವೂ ಇದೆ. ಹೈಸ್ಕೂಲಿನಿಂದ ನಾವು ಕಲಿತದ್ದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಆ ಅಚ್ಚಿನಲ್ಲಿ ಪೀಠಿಕೆಯ ಕೆಲಸ ವಿಷಯವನ್ನು ಪರಿಚಯ ಮಾಡಿ ನಾಲ್ಕು ಒಳ್ಳೆ ಮಾತು ಆಡುವುದು. ಯಾವ ಪಕ್ಷ ಹಿಡಿದಿದ್ದೀರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹತ್ತನೇ ಕ್ಲಾಸಿನಲ್ಲಿ ಅದಕ್ಕೆ ಪೂರ್ತಿ ಅಂಕ ಬರುತ್ತಿತ್ತು. ಹಾಗಾಗಿ ವಿದ್ಯಾರ್ಥಿಯನ್ನು ಬೈದು ಉಪಯೋಗ ಇಲ್ಲ. ಕಾಲೇಜಿನ ಪ್ರಬಂಧ ಬೇರೆ ಕೆಲಸ ಕೇಳುತ್ತದೆ ಎಂದು ಹೇಳಿಕೊಡಬೇಕು.

ಎಚ್ಚರ: "ಈ ಪ್ರಬಂಧದಲ್ಲಿ ನಾನು ಇಳಕಲ್ ಸೀರೆಯ ಇತಿಹಾಸ, ನೇಯ್ಗೆ ಮತ್ತು ಸಮಸ್ಯೆಗಳನ್ನು ಚರ್ಚಿಸುತ್ತೇನೆ" ಎಂಬ ವಾಕ್ಯ ಕಂಡು ಮೋಸ ಹೋಗಬೇಡಿ. ಅದು ಬಸ್ಸಿನ ಬೋರ್ಡು. ಎಲ್ಲಿಗೆ ಹೋಗುತ್ತದೆ ಎಂದು ಹೇಳುತ್ತದೆ, ಅಲ್ಲಿ ಏನು ಸಾಬೀತಾಗುತ್ತದೆ ಎಂದು ಹೇಳುವುದಿಲ್ಲ. ಹುಡುಕಿದರೂ ವಾಕ್ಯ ಸಿಗಲಿಲ್ಲ ಎಂದರೆ ಬರೆದವರನ್ನೇ ಕೇಳಿ: "ಪೇಪರ್ ಪಕ್ಕಕ್ಕಿಡಪ್ಪ, ನೀನು ಏನು ಹೇಳಬೇಕು ಅಂತಿದ್ದೀಯ, ಬಾಯಲ್ಲಿ ಹೇಳು." ಬಾಯಲ್ಲಿ ಬಂದದ್ದನ್ನು ಹಾಗೇ ಬರೆದುಕೊಳ್ಳಿ. ಹತ್ತರಲ್ಲಿ ಏಳು ಸಲ ಅದೇ ಥೀಸಿಸ್.

2. "ಅಲ್ಲ" ಸೇರಿಸಿ ಓದಿ

ನಮ್ಮ ವಿದ್ಯಾರ್ಥಿನಿಯ ಮೊದಲ ವಾಕ್ಯ ಹೀಗಿತ್ತು ಎಂದುಕೊಳ್ಳಿ: "ಇಳಕಲ್ ಸೀರೆಯು ಉತ್ತರ ಕರ್ನಾಟಕದ ಹೆಮ್ಮೆಯ ಸಾಂಸ್ಕೃತಿಕ ಸಂಪತ್ತಾಗಿದೆ."

ಕನ್ನಡದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅಲ್ಲಿಗೇ ಕೈ ಹಾಕಿ. "ಸಂಪತ್ತಾಗಿದೆ" ಎಂಬುದನ್ನು "ಸಂಪತ್ತಲ್ಲ" ಮಾಡಿ. ಈಗ ಜೋರಾಗಿ ಓದಿ. ಬುದ್ಧಿ ನೆಟ್ಟಗಿರುವ ಯಾರಾದರೂ, ಕಾರಣ ಕೊಟ್ಟು, ಈ ಉಲ್ಟಾ ವಾಕ್ಯವನ್ನು ಹೇಳುತ್ತಾರಾ? ಇಳಕಲ್ ಸಂತೆಯಲ್ಲಿ ನಿಂತು ಹೇಳಿ ನೋಡಿ! ಹೇಳುವವರು ಯಾರೂ ಇಲ್ಲ ಎಂದರೆ ಅದು ವಾದ ಅಲ್ಲ, ಬರೀ ಹೊಗಳಿಕೆ.

ಸತ್ಯಾಂಶವೂ ಥೀಸಿಸ್ ಆಗುವುದಿಲ್ಲ. "1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದರು" ಎಂಬುದು ನಿಜ, ಅದರ ಬಗ್ಗೆ ಜಗಳ ಇಲ್ಲ. "ಅಲ್ಲ" ಸೇರಿಸಿದರೆ ಸುಳ್ಳಾಗುತ್ತದೆ ಅಷ್ಟೇ. ಅದೇ ವಿಷಯವನ್ನು ಹೀಗೆ ತಿರುಗಿಸಿ: "1924ರ ಬೆಳಗಾವಿ ಅಧಿವೇಶನದ ಬಾಳುವ ಫಲ ಕಾಂಗ್ರೆಸ್ಸಿಗೆ ಸಿಕ್ಕಿದ್ದಕ್ಕಿಂತ ಕರ್ನಾಟಕ ಏಕೀಕರಣಕ್ಕೆ ಸಿಕ್ಕಿದ್ದು ಹೆಚ್ಚು." ಅದೇ ಹೊತ್ತಿಗೆ ಅಲ್ಲೇ ಮೊದಲ ಏಕೀಕರಣ ಸಮ್ಮೇಳನ ನಡೆದಿತ್ತು, ಹಾಗಾಗಿ ಹೀಗನ್ನಲು ಆಧಾರ ಇದೆ. ಇಲ್ಲ ಎನ್ನುವವರಿಗೂ ಆಧಾರ ಸಿಗುತ್ತದೆ. ಈಗ ವಾದ ಹುಟ್ಟಿತು.

ನಾನು ಇಲ್ಲಿ ಇನ್ನೊಂದು ಕೆಲಸ ಮಾಡುತ್ತೇನೆ. ಎದುರಾಳಿ ಯಾರು ಎಂದು ಹಾಳೆಯ ಅಂಚಿನಲ್ಲಿ ಬರೆಯುತ್ತೇನೆ. "ಕೆಲವರು" ಎಂದು ಬರೆದರೆ ಸಾಲದು. "ಪವರ್‌ಲೂಮ್ ಮಾಲೀಕ", "ಸೀರೆ ಅಂಗಡಿಯವರು", "ಮಗ್ಗ ಬಿಟ್ಟು ಬೆಂಗಳೂರಿಗೆ ಹೋದ ನೇಕಾರರ ಮಗ", ಹೀಗೆ ಮನುಷ್ಯರು ಬೇಕು. ಅಂಥ ಒಬ್ಬ ಎದುರಾಳಿಯೂ ಹೊಳೆಯದಿದ್ದರೆ ವಾಕ್ಯ ಇನ್ನೂ ಮೆತ್ತಗಿದೆ ಎಂದರ್ಥ.

ಎಚ್ಚರ: ಇಷ್ಟ-ಅನಿಷ್ಟ ವಾದ ಆಗುವುದಿಲ್ಲ. "ಇಳಕಲ್ ಸೀರೆ ಎಲ್ಲ ಸೀರೆಗಳಿಗಿಂತ ಚೆಂದ" ಎಂದರೆ "ಇಲ್ಲ, ಮೊಳಕಾಲ್ಮೂರು ಚೆಂದ" ಎನ್ನುವವರು ಸಿಗುತ್ತಾರೆ. ಆದರೆ ಸಾಕ್ಷಿ ತಂದು ಅವರ ಮನಸ್ಸು ಬದಲಿಸಲು ಬರುವುದಿಲ್ಲ. ಒಪ್ಪದವರೂ ಇರಬೇಕು, ಸಾಕ್ಷಿ ನೋಡಿ ಒಪ್ಪುವ ದಾರಿಯೂ ಇರಬೇಕು.

3. ಮಸುಕು ಪದಗಳಿಗೆ ಸುತ್ತು ಹಾಕಿ

ಟಿಪ್ಪಣಿ ನೋಡಿ ವಿದ್ಯಾರ್ಥಿನಿ ವಾಕ್ಯ ಬದಲಿಸಿದಳು: "ಇಳಕಲ್ ಸೀರೆಯನ್ನು ಉಳಿಸಲು ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು."

ಈಗ ಕೊನೆಗೆ "ಬೇಕು" ಇದೆ. ವಾದದ ಹಾಗೆ ಕಾಣುತ್ತದೆ. ಆದರೆ ಇದರಲ್ಲಿ ಒಂದು ಪದ ತೆಗೆದು ಬೇರೆ ಇಡಿ. ಇಳಕಲ್ ಸೀರೆ ಬದಲು ಗುಳೇದಗುಡ್ಡದ ಖಣ, ಹುಲಿ, ಹಳೇ ಕೋಟೆ, ಪಾರಿಜಾತದ ಆಟ, ಏನಿಟ್ಟರೂ ವಾಕ್ಯ ಹಾಗೇ ನಿಲ್ಲುತ್ತದೆ. ಯಾವ ವಿಷಯಕ್ಕೂ ಹೊಂದುವ ವಾಕ್ಯ ಯಾವ ವಿಷಯದ್ದೂ ಅಲ್ಲ. ಈ ಅದಲು-ಬದಲು ಪರೀಕ್ಷೆ ನನಗೆ ಬಹಳ ಇಷ್ಟ, ಯಾಕೆಂದರೆ ಬರೆದವರಿಗೇ ತಕ್ಷಣ ನಗು ಬರುತ್ತದೆ.

ಒಂದು ಪೆನ್ನಿನಿಂದ ಮಸುಕು ಪದಗಳಿಗೆ ಸುತ್ತು ಹಾಕಿ. "ಉಳಿಸಲು": ಏನನ್ನು ಉಳಿಸುವುದು? ಸೀರೆಯ ಮಾರಾಟವನ್ನೋ, ಕೈಮಗ್ಗವನ್ನೋ, ನೇಕಾರರ ಹೊಟ್ಟೆಪಾಡನ್ನೋ? ಮೂರೂ ಬೇರೆ ಬೇರೆ. ಪವರ್‌ಲೂಮಿನಲ್ಲಿ ನೇಯ್ದರೂ ಅಂಗಡಿಯಲ್ಲಿ ಸೀರೆ ಇದ್ದೇ ಇರುತ್ತದೆ. "ಸರ್ಕಾರ": ಕೇಂದ್ರವೋ, ರಾಜ್ಯವೋ? "ಸೂಕ್ತ ಕ್ರಮ": ಇದು ಪದವೇ ಅಲ್ಲ ಬಿಡಿ, ಖಾಲಿ ಡಬ್ಬಿ.

ಅವಳು ಮತ್ತೆ ತಿದ್ದಿದಳು: "ಪವರ್‌ಲೂಮ್‌ನಿಂದ ಇಳಕಲ್ ಕೈಮಗ್ಗ ನಾಶವಾಗುತ್ತಿರುವುದರಿಂದ, ಸೀರೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾನೂನನ್ನು ಸರ್ಕಾರ ತರಬೇಕು." ನಿರ್ದಿಷ್ಟತೆ ಬಂತು. ಆದರೆ ಈಗ ಹೊಸ ತೊಂದರೆ. ಕೆಲವು ಬಗೆಯ ಬಟ್ಟೆಗಳನ್ನು, ಅದರಲ್ಲಿ ಸೀರೆಯೂ ಸೇರಿದಂತೆ, ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರ ಕಾನೂನು 1985ರಲ್ಲೇ ಬಂದಿದೆ. ಇರುವ ಕಾನೂನನ್ನು ತನ್ನಿ ಎಂದು ವಾದಿಸಿದರೆ ಇಡೀ ಪ್ರಬಂಧ ಒಂದೇ ಏಟಿಗೆ ಬೀಳುತ್ತದೆ.

ವಾಕ್ಯ ನಿರ್ದಿಷ್ಟ ಆದಷ್ಟೂ ತಪ್ಪಾಗುವ ಅವಕಾಶ ಹೆಚ್ಚು. ಅದಕ್ಕೇ ವಿದ್ಯಾರ್ಥಿಗಳು ಮಸುಕು ಪದಗಳ ಹಿಂದೆ ಅವಿತುಕೊಳ್ಳುವುದು. ಆದರೂ ತಪ್ಪಾಗಬಲ್ಲ ವಾಕ್ಯವೇ ಮೇಲು. ತಪ್ಪು ಕಂಡರೆ ತಿದ್ದಬಹುದು, "ಸೂಕ್ತ ಕ್ರಮ"ವನ್ನು ಏನೆಂದು ತಿದ್ದುತ್ತೀರಿ? "ಮಾಡಬೇಕು" ಎಂಬ ಸಲಹೆ ಕಂಡಾಗಲೆಲ್ಲ "ಇದು ಈಗಾಗಲೇ ಇದೆಯಾ?" ಎಂದು ಹತ್ತು ನಿಮಿಷ ಹುಡುಕುವುದನ್ನು ರೂಢಿ ಮಾಡಿಕೊಳ್ಳಿ.

ಕೊನೆಗೆ ಅವಳು ಸಲಹೆ ಬಿಟ್ಟು ಕಾರಣದ ಕಡೆ ಬಂದಳು: "ಇಳಕಲ್‌ನ ಯುವಕರು ಕೈಮಗ್ಗ ಬಿಡುತ್ತಿರುವುದಕ್ಕೆ ಪವರ್‌ಲೂಮ್ ಸೀರೆಯ ಅಗ್ಗದ ಬೆಲೆಗಿಂತ, ಕೊಂಡಿಯಂಥ ತಯಾರಿ ಕೆಲಸಕ್ಕೆ ಕೂಲಿ ಸಿಗದಿರುವುದು ದೊಡ್ಡ ಕಾರಣ." ಕೊಂಡಿ ಎಂದರೆ ಇಳಕಲ್ ಸೀರೆಯ ವಿಶೇಷ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ ತಯಾರಾಗುತ್ತದೆ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ನೂಲು. ಈ ಎರಡು ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಒಂದಕ್ಕೊಂದು ಸೇರಿಸುವುದೇ ಕೊಂಡಿ.

ಈಗ "ಅಲ್ಲ" ಸೇರಿಸಿ ನೋಡಿ. ಸೀರೆ ಅಂಗಡಿಯವರು "ಅಲ್ರೀ, ಬೆಲೆನೇ ಕಾರಣ" ಎಂದು ವಾದಕ್ಕೆ ನಿಲ್ಲುತ್ತಾರೆ. ಗುಳೇದಗುಡ್ಡದ ಖಣ ಎಂದು ಅದಲು-ಬದಲು ಮಾಡಿದರೆ ವಾಕ್ಯ ಮುರಿಯುತ್ತದೆ, ಕೊಂಡಿಯ ಮಾತು ಅಲ್ಲಿ ಹೊಂದುವುದಿಲ್ಲ. ಎರಡು ಪರೀಕ್ಷೆ ಪಾಸು. ಬಹಳ ಮೇಷ್ಟ್ರು ಇಲ್ಲಿಗೆ ಸರಿ ಗುರುತು ಹಾಕಿಬಿಡುತ್ತಾರೆ. ನಾನೂ ಮೊದಲ ವರ್ಷಗಳಲ್ಲಿ ಹಾಗೇ ಮಾಡುತ್ತಿದ್ದೆ.

4. ಪ್ಯಾರಾಗಳನ್ನು ಒಂದೊಂದು ಸಾಲಿಗೆ ಇಳಿಸಿ

ಖಾಲಿ ಹಾಳೆ ತೆಗೆಯಿರಿ. ಮೇಲೆ ಥೀಸಿಸ್ ವಾಕ್ಯ ಬರೆಯಿರಿ. ಕೆಳಗೆ ಪ್ರತಿ ಪ್ಯಾರಾಗೆ ಒಂದು ಸಾಲು. ಆ ಪ್ಯಾರಾ ಯಾವುದರ ಬಗ್ಗೆ ಎಂದು ಬರೆಯಬೇಡಿ, ಅದು ಏನು ಹೇಳುತ್ತದೆ ಎಂದು ಬರೆಯಿರಿ. "ಪವರ್‌ಲೂಮ್ ಬಗ್ಗೆ" ಎಂದು ಬರೆದರೆ ಪ್ರಯೋಜನ ಇಲ್ಲ. "ಪವರ್‌ಲೂಮ್ ಸೀರೆ ಅಗ್ಗ, ಗಿರಾಕಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ" ಎಂದು ಬರೆಯಬೇಕು. ಪೂರ್ತಿ ವಾಕ್ಯ ಆಗದಿದ್ದರೆ ಆ ಪ್ಯಾರಾದಲ್ಲಿ ಹೇಳಿಕೆಯೇ ಇಲ್ಲ, ಬರೀ ಮಾಹಿತಿ ಇದೆ.

ನಮ್ಮ ಪ್ರಬಂಧದ ಸಾಲುಗಳು ಹೀಗೆ ಬಂದವು. ಮೊದಲನೆಯದು: ಇಳಕಲ್ ಸೀರೆಗೆ ಹಳೇ ಇತಿಹಾಸ ಇದೆ, ಭೌಗೋಳಿಕ ಸೂಚಕ ಸಿಕ್ಕಿದೆ (ಅಂದರೆ ಆ ಊರಿನ ಉತ್ಪನ್ನಕ್ಕೆ ಮಾತ್ರ ಆ ಹೆಸರು ಎಂಬ ಕಾನೂನಿನ ಮಾನ್ಯತೆ). ಎರಡನೆಯದು: ಕೊಂಡಿ ಹಾಕುವುದು ಸೂಕ್ಷ್ಮ ಕೆಲಸ, ಪ್ರತಿ ಸೀರೆಗೂ ಮಾಡಬೇಕು, ಮನೆಯ ಹೆಂಗಸರು ಕೈಜೋಡಿಸುತ್ತಾರೆ. ಮೂರನೆಯದು: ಪವರ್‌ಲೂಮ್ ಸೀರೆ ಅಗ್ಗ, ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಾಲ್ಕನೆಯದು: ಮಾತಾಡಿಸಿದ ಆರು ನೇಕಾರ ಮನೆಗಳಲ್ಲಿ ನಾಲ್ಕರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ, ಕೂಲಿ ಕೊಡುವುದು ಸೀರೆ ಲೆಕ್ಕದಲ್ಲಿ, ತಯಾರಿ ಕೆಲಸಕ್ಕೆ ಬೇರೆ ದುಡ್ಡಿಲ್ಲ. ಐದನೆಯದು: ಸರ್ಕಾರ ಮಾರಾಟ ಮಳಿಗೆ ತೆರೆಯಬೇಕು.

ಈಗ ಒಂದೊಂದು ಸಾಲನ್ನೂ ಥೀಸಿಸ್ ಜೊತೆ "ಯಾಕೆಂದರೆ" ಹಾಕಿ ಜೋಡಿಸಿ ಓದಿ. "ಯುವಕರು ಕೈಮಗ್ಗ ಬಿಡಲು ಕೂಲಿ ದೊಡ್ಡ ಕಾರಣ, ಯಾಕೆಂದರೆ ಇಳಕಲ್ ಸೀರೆಗೆ ಹಳೇ ಇತಿಹಾಸ ಇದೆ." ಕೇಳಿದರೇ ಗೊತ್ತಾಗುತ್ತದೆ, ಜೋಡಿ ಕೂಡಲಿಲ್ಲ. ಇತಿಹಾಸದ ಪ್ಯಾರಾ ಪೀಠಿಕೆಗೆ ಎರಡು ಸಾಲಾಗಿ ಹೋದರೆ ಸಾಕು. ಇದು ನಮ್ಮಲ್ಲಿ ಅತಿ ಸಾಮಾನ್ಯ ರೋಗ. ವಿಜಯಪುರದ ಹುಡುಗ ಗೋಳಗುಮ್ಮಟದ ಪ್ರವಾಸಿ ನಿರ್ವಹಣೆ ಬಗ್ಗೆ ವಾದ ಬರೆದರೂ ಮೊದಲ ಒಂದು ಪುಟ ಆದಿಲ್‌ಶಾಹಿ ಚರಿತ್ರೆಯೇ ಇರುತ್ತದೆ.

ಎರಡನೇ ಸಾಲು: "ಯಾಕೆಂದರೆ ಕೊಂಡಿ ಹಾಕುವುದು ಸೂಕ್ಷ್ಮ ಕೆಲಸ, ಪ್ರತಿ ಸೀರೆಗೂ ಮಾಡಬೇಕು." ಕೂಡುತ್ತದೆ, ಆದರೆ ಅರ್ಧ. ಕಷ್ಟದ ಕೆಲಸ ಎಂದು ತಿಳಿಯಿತು, ಕೂಲಿ ಇಲ್ಲ ಎಂದು ತಿಳಿಯಲಿಲ್ಲ. ನಾಲ್ಕನೇ ಸಾಲು ಆ ಇನ್ನರ್ಧವನ್ನು ತರುತ್ತದೆ. ಅಂದರೆ ಎರಡು ಮತ್ತು ನಾಲ್ಕು ಪಕ್ಕಪಕ್ಕ ಇರಬೇಕಿತ್ತು. ನಡುವೆ ಪವರ್‌ಲೂಮ್ ಬಂದು ಕೂತಿದೆ.

ಮೂರನೇ ಸಾಲು ನೋಡಿ. "ಬೆಲೆಗಿಂತ ಕೂಲಿ ದೊಡ್ಡ ಕಾರಣ, ಯಾಕೆಂದರೆ ಪವರ್‌ಲೂಮ್ ಸೀರೆ ಅಗ್ಗ." ಇದು ಕೂಡುವುದಿಲ್ಲ ಅಷ್ಟೇ ಅಲ್ಲ, ಎದುರಾಳಿಯ ಪರ ಸಾಕ್ಷಿ ಹೇಳುತ್ತಿದೆ! ನಮ್ಮ ವಕೀಲರೇ ಎದುರು ಪಕ್ಷದ ಸಾಕ್ಷಿ ಕರೆದು ಕೂರಿಸಿದ ಹಾಗೆ. ಹಾಗೆಂದು ಕಿತ್ತು ಹಾಕಬೇಡಿ. ಇದು ಪ್ರಬಂಧದ ಅತಿ ಬೆಲೆಬಾಳುವ ಪ್ಯಾರಾ ಆಗಬಹುದು. "ಬೆಲೆಯೇ ಕಾರಣ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೆ..." ಎಂದು ತಿರುಗಿಸಬೇಕು. ಅವಳ ಪ್ಯಾರಾದಲ್ಲಿ ಆ "ಆದರೆ" ಇಲ್ಲ. ಅದು ಬರದೆ ಪ್ಯಾರಾ ಅವಳ ವಿರುದ್ಧವೇ ಕೆಲಸ ಮಾಡುತ್ತದೆ.

ಐದನೆಯದು ಬೇರೆಯೇ ಪ್ರಬಂಧ. ತೊಂದರೆ ಕೂಲಿಯಲ್ಲಿದ್ದರೆ ಪರಿಹಾರ ಮಾರಾಟ ಮಳಿಗೆಯಲ್ಲಿ ಹೇಗೆ ಬಂತು? ಮಳಿಗೆ ತೆರೆದು ಸೀರೆ ಜಾಸ್ತಿ ಮಾರಿದರೂ ಕೊಂಡಿ ಹಾಕಿದವರಿಗೆ ಬೇರೆ ದುಡ್ಡು ಬರುವುದಿಲ್ಲ. ಕೊನೆಗೆ ಒಂದು ಪರಿಹಾರ ಹೇಳಲೇಬೇಕು ಎಂಬ ಹಳೇ ಉಪಸಂಹಾರದ ಅಭ್ಯಾಸ ಇದು. ಪ್ರಶ್ನೆ ಪತ್ರಿಕೆ ಮತ್ತೆ ಓದಿ: "ಸಮಸ್ಯೆಯನ್ನು ಕುರಿತು ವಾದ ಮಂಡಿಸಿ." ಪರಿಹಾರ ಯಾರೂ ಕೇಳಿಲ್ಲ.

ಎಚ್ಚರ: ಥೀಸಿಸ್‌ನ ಪದಗಳು ಪ್ಯಾರಾದಲ್ಲಿ ಮತ್ತೆ ಮತ್ತೆ ಬಂದ ಮಾತ್ರಕ್ಕೆ ಬೆಂಬಲ ಇದೆ ಎಂದುಕೊಳ್ಳಬೇಡಿ. ಐದು ಪ್ಯಾರಾದಲ್ಲೂ "ಕೈಮಗ್ಗ", "ನೇಕಾರ" ಇವೆ. ವಿಷಯ ಒಂದೇ, ವಾದ ಒಂದೇ ಅಲ್ಲ. ಅವಸರದಲ್ಲಿ ಓದುವವರು ಇಲ್ಲೇ ಮೋಸ ಹೋಗುತ್ತಾರೆ.

5. ಭಾರ ಹೊತ್ತ ಪದಗಳನ್ನು ತೂಗಿ

ಎರಡನೇ ಬಣ್ಣದ ಪೆನ್ ಈಗ. ಥೀಸಿಸ್ ವಾಕ್ಯದಲ್ಲಿ ಸಾಕ್ಷಿ ಕೇಳುವ ಪದಗಳಿಗೆ ಗೆರೆ ಎಳೆಯಿರಿ. ಅವು ಸಾಮಾನ್ಯವಾಗಿ ಸಣ್ಣ ಸಣ್ಣ ಪದಗಳು: ಎಲ್ಲ, ಮಾತ್ರ, -ಗಿಂತ, -ಇಂದ, ಹೆಚ್ಚು, ದೊಡ್ಡ, ನಾಶ. ಓದುವಾಗ ಕಣ್ಣು ಇವುಗಳ ಮೇಲೆ ಜಾರಿಹೋಗುತ್ತದೆ. ಆದರೆ ವಾಕ್ಯದ ಸಾಲವೆಲ್ಲ ಇವುಗಳ ಹೆಸರಲ್ಲೇ ಇರುತ್ತದೆ.

ನಮ್ಮ ವಾಕ್ಯದಲ್ಲಿ ಎರಡು ಸಿಕ್ಕವು. ಮೊದಲನೆಯದು "ಇಳಕಲ್‌ನ ಯುವಕರು". ಅವಳ ಕೈಯಲ್ಲಿರುವುದು ಆರು ಮನೆ. ಆರು ಮನೆಯಿಂದ ಒಂದು ಊರಿನ ಯುವಕರ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿನಿ ಆರು ಮನೆಗೆ ಹೋಗಿ ಬಂದಿದ್ದೇ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಮಾತಾಡಿಸಿದ ಮನೆಗಳಷ್ಟಕ್ಕೇ ಮಾತು ಇಳಿಸಿದರೆ ಅದೇ ಆರು ಮನೆ ಗಟ್ಟಿ ಸಾಕ್ಷಿಯಾಗುತ್ತದೆ.

ಎರಡನೆಯದು "ಬೆಲೆಗಿಂತ". ಈ "-ಗಿಂತ" ಬಹಳ ದುಬಾರಿ ಪ್ರತ್ಯಯ. ಅದನ್ನು ಬಳಸಿದ ಮೇಲೆ ತಕ್ಕಡಿಯ ಎರಡೂ ತಟ್ಟೆಯಲ್ಲಿ ಏನಾದರೂ ಇಡಬೇಕು. ಅವಳು ಮನೆಗಳಲ್ಲಿ ಏನು ಕೇಳಿದ್ದಳು? "ಕೊಂಡಿ ಕೆಲಸಕ್ಕೆ ಬೇರೆ ಕೂಲಿ ಸಿಗುತ್ತದೇನ್ರಿ?" ಎಂದು. "ಮಗ ಯಾಕೆ ಮಗ್ಗ ಬಿಟ್ಟ?" ಎಂದು ಬಿಚ್ಚಿ ಕೇಳಿಲ್ಲ. ಪೈಪೋಟಿ, ಬೆಲೆ, ಮದುವೆ, ಬೆನ್ನುನೋವು, ಪಟ್ಟಣದ ಆಸೆ, ಅವರು ಏನು ಹೇಳುತ್ತಿದ್ದರೋ ನಮಗೆ ಗೊತ್ತಿಲ್ಲ. ಒಂದೇ ತಟ್ಟೆ ತೂಗಿ ಇದೇ ಭಾರ ಎಂದ ಹಾಗಾಯಿತು. ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೇಳಿದರೆ ಸಾಕ್ಷಿ ಎಷ್ಟಿದ್ದರೂ ತುಲನೆಗೆ ಬರುವುದಿಲ್ಲ.

ಇನ್ನೂ ಒಂದು ತಪಾಸಣೆ ಇದೆ. ನಾಲ್ಕು ಮನೆಯ ಮಕ್ಕಳು ಹೊರಗೆ ಹೋಗಿದ್ದಾರೆ, ಸರಿ. ತಯಾರಿಗೆ ಬೇರೆ ಕೂಲಿ ಇಲ್ಲ, ಅದೂ ಸರಿ. ಎರಡೂ ಒಟ್ಟಿಗೆ ಇವೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲಾಗದು. ಉಳಿದ ಎರಡು ಮನೆಗಳನ್ನು ನೋಡಬೇಕು. ಅಲ್ಲಿ ಮಕ್ಕಳು ಮಗ್ಗದಲ್ಲೇ ಇದ್ದಾರೆ. ಅಲ್ಲಿ ತಯಾರಿಗೆ ಕೂಲಿ ಸಿಗುತ್ತಿದೆಯಾ? ಸಿಗುತ್ತಿದ್ದರೆ ವಾದಕ್ಕೆ ಬಲ ಬಂತು. ಅಲ್ಲೂ ಸಿಗುತ್ತಿಲ್ಲ ಎಂದರೆ, ಕೂಲಿ ಇಲ್ಲದೆಯೂ ಮಕ್ಕಳು ಉಳಿದಿದ್ದಾರೆ ಎಂದಾಯಿತು, ಕಾರಣ ಬೇರೆಲ್ಲೋ ಇರಬಹುದು. ಪ್ರಬಂಧ ಈ ಎರಡು ಮನೆಗಳ ಬಗ್ಗೆ ಒಂದು ಮಾತೂ ಆಡಿಲ್ಲ. ನಾನು ಟಿಪ್ಪಣಿ ಬರೆಯುವುದಾದರೆ ಮೊದಲು ಇದನ್ನೇ ಬರೆಯುತ್ತೇನೆ: "ಉಳಿದ ಎರಡು ಮನೆಯವರು ಏನಂದರು?"

ಎಚ್ಚರ: ಭಾರದ ಪದ ಕಂಡು ಹೆದರಿ ಎಲ್ಲದಕ್ಕೂ "ಇರಬಹುದು", "ಎನ್ನಲಾಗುತ್ತದೆ" ಅಂಟಿಸುವವರಿದ್ದಾರೆ. "ಕೂಲಿಯೂ ಒಂದು ಕಾರಣ ಇರಬಹುದು ಎನ್ನಲಾಗುತ್ತದೆ" ಎಂದರೆ ಯಾರು ಎನ್ನುತ್ತಾರೆ, ಯಾಕೆ ಎನ್ನುತ್ತಾರೆ, ಯಾವುದೂ ಇಲ್ಲ. ಮಾತಿನ ವ್ಯಾಪ್ತಿ ಕಡಿಮೆ ಮಾಡಿ. ಧೈರ್ಯ ಕಡಿಮೆ ಮಾಡಬೇಡಿ.

6. ಯಾವುದನ್ನು ಬದಲಿಸುವುದು?

ವಾಕ್ಯಕ್ಕೂ ಪ್ಯಾರಾಗಳಿಗೂ ಹೊಂದಿಕೆ ಇಲ್ಲ ಎಂದಾಗ ಎರಡು ದಾರಿ. ಪ್ಯಾರಾಗಳನ್ನು ವಾಕ್ಯಕ್ಕೆ ಹೊಂದಿಸುವುದು, ಇಲ್ಲವೇ ವಾಕ್ಯವನ್ನು ಪ್ಯಾರಾಗಳಿಗೆ ಹೊಂದಿಸುವುದು. ವಾರ ಸಮಯ ಇದ್ದರೆ ಮೊದಲನೆಯದು. ಇಳಕಲ್‌ಗೆ ಮತ್ತೆ ಹೋಗಿ ಬಿಚ್ಚಿದ ಪ್ರಶ್ನೆ ಕೇಳಿ ಬರಬಹುದು. ನಾಳೆಯೇ ಕೊಡಬೇಕು ಎಂದರೆ ಎರಡನೆಯದು. ಇದು ಕಳ್ಳಾಟ ಅಲ್ಲ. ಕೈಯಲ್ಲಿರುವ ಸಾಕ್ಷಿ ಎಷ್ಟು ಹೇಳುತ್ತದೋ ಅಷ್ಟೇ ಹೇಳುವುದು.

ಅವಳು ಎರಡನೇ ದಾರಿ ಹಿಡಿದಳು ಎಂದುಕೊಳ್ಳೋಣ. ಮೊದಲ ಪ್ರಯತ್ನ: "ನಾನು ಮಾತಾಡಿಸಿದ ಆರು ಮನೆಗಳಲ್ಲಿ ಮಕ್ಕಳು ಮಗ್ಗ ಬಿಡಲು ಪವರ್‌ಲೂಮ್ ಎಷ್ಟು ಕಾರಣವೋ, ತಯಾರಿ ಕೆಲಸಕ್ಕೆ ಕೂಲಿ ಇಲ್ಲದಿರುವುದೂ ಅಷ್ಟೇ ಕಾರಣ." ಚೆನ್ನಾಗಿದೆ, ಅಲ್ವಾ? ಮತ್ತೆ ನೋಡಿ. "ಎಷ್ಟೋ ಅಷ್ಟೇ" ಎಂಬುದೂ ತುಲನೆಯೇ. "-ಗಿಂತ" ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದಿದೆ.

ಎರಡನೇ ಪ್ರಯತ್ನ: "ನಾನು ಮಾತಾಡಿಸಿದ ಆರು ನೇಕಾರ ಮನೆಗಳನ್ನು ನೋಡಿದರೆ, ಪವರ್‌ಲೂಮ್ ಪೈಪೋಟಿಯೊಂದರಿಂದಲೇ ಕೈಮಗ್ಗದ ಕಷ್ಟವನ್ನು ವಿವರಿಸಲಾಗದು. ಸೀರೆ ಲೆಕ್ಕದ ಕೂಲಿಯಲ್ಲಿ ಕೊಂಡಿಯಂಥ ತಯಾರಿ ಕೆಲಸಕ್ಕೆ ಬೆಲೆಯೇ ಇಲ್ಲ." ಈಗ ಮಕ್ಕಳು ಯಾಕೆ ಬಿಟ್ಟರು ಎಂಬ ಸಾಬೀತಾಗದ ಭಾಗ ಹೋಯಿತು. ಎರಡನೇ ಪ್ಯಾರಾ ಕೆಲಸದ ಕಷ್ಟ ತೋರಿಸುತ್ತದೆ, ನಾಲ್ಕನೆಯದು ಕೂಲಿ ಇಲ್ಲದ್ದನ್ನು ತೋರಿಸುತ್ತದೆ. ಮೂರನೆಯದು ಎದುರಾಳಿಯ ಮಾತಾಗಿ ಮೊದಲು ಬಂದು, "ಆದರೆ ಇಷ್ಟೇ ಅಲ್ಲ" ಎಂದು ತಿರುಗುತ್ತದೆ. ಹೊಸ ಕ್ರಮ ಮೂರು, ಎರಡು, ನಾಲ್ಕು. ಇತಿಹಾಸ ಎರಡು ಸಾಲು, ಮಳಿಗೆ ಔಟ್.

ವಾಕ್ಯ ಬದಲಾದ ಮೇಲೆ ಎರಡನೇ ಹಂತಕ್ಕೆ ಒಮ್ಮೆ ವಾಪಸ್ ಹೋಗಿ. ವ್ಯಾಪ್ತಿ ಇಳಿಸುವ ಭರದಲ್ಲಿ ವಾದವೇ ಸತ್ತುಹೋಗಿರುತ್ತದೆ. "ನಾನು ಮಾತಾಡಿಸಿದ ಆರು ಮನೆಗಳಲ್ಲಿ ಕೊಂಡಿಗೆ ಬೇರೆ ಕೂಲಿ ಇಲ್ಲ" ಎಂದಷ್ಟೇ ಉಳಿದರೆ ಅದು ಬರೀ ವರದಿ. ಮೇಲಿನ ವಾಕ್ಯದಲ್ಲಿ "ಪೈಪೋಟಿಯೊಂದರಿಂದಲೇ ವಿವರಿಸಲಾಗದು" ಎಂಬ ಭಾಗ ಇರುವುದರಿಂದ ಅಂಗಡಿಯವರು ಇನ್ನೂ ಜಗಳಕ್ಕೆ ಬರುತ್ತಾರೆ. ಬರಲಿ.

7. ಬೇರೆಯವರ ಪ್ರಬಂಧವಾದರೆ

ಟಿಪ್ಪಣಿ ಎರಡು ಮೂರಕ್ಕಿಂತ ಜಾಸ್ತಿ ಬರೆಯಬೇಡಿ. "ಥೀಸಿಸ್ ಸ್ಪಷ್ಟವಿಲ್ಲ" ಎಂಬ ಟಿಪ್ಪಣಿ ಸುಮ್ನೆ ಶಾಯಿ ದಂಡ, ಓದಿದವರಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ಪ್ರಶ್ನೆಯಾಗಿ ಬರೆಯಿರಿ, ಪ್ಯಾರಾದ ಸಂಖ್ಯೆ ಹಾಕಿ: "ಮೂರನೇ ಪ್ಯಾರಾ ನಿನ್ನ ವಾದಕ್ಕೆ ಎದುರು ಹೋಗುತ್ತಿದೆ, ಅವರಿಗೆ ಏನು ಉತ್ತರ ಕೊಡುತ್ತೀ?" ನೀವು ಮಾಡಿದ ಒಂದೊಂದು ಸಾಲಿನ ಹಾಳೆಯನ್ನೂ ಪ್ರಬಂಧದ ಜೊತೆ ಪಿನ್ ಮಾಡಿ ಕೊಡಿ. ತನ್ನ ಐದು ಪ್ಯಾರಾ ಬೇರೆಯವರಿಗೆ ಹೇಗೆ ಕಂಡಿತು ಎಂದು ನೋಡಿದಾಗ, "ಸರ್, ನಾನು ಹಂಗ ಬರದಿಲ್ರಿ!" ಎಂದು ಜಗಳಕ್ಕೆ ನಿಲ್ಲುವವರಿದ್ದಾರೆ. ಆಗ ಆ ಪ್ಯಾರಾ ತೆಗೆದು ಇಬ್ಬರೂ ಕೂತು ಓದಿ. ಕೆಲವು ಸಲ ನಾನೇ ತಪ್ಪು ಓದಿರುತ್ತೇನೆ. ಅಂಥ ಕಡೆ ಆ ಪ್ಯಾರಾದ ಮೊದಲ ವಾಕ್ಯ ತಿದ್ದಬೇಕಾಗುತ್ತದೆ, ಥೀಸಿಸ್ ಮುಟ್ಟಬೇಕಾಗಿಲ್ಲ.